ಗ್ಯಾಪ್ ಅರ್ಧ ಅರ್ಧ ಮಾಡುತ್ತ ಹೋದರೆ ಶೆಲ್ ಸಾರ್ಟ್ ಎಲ್ಲಿ ಎಡವುತ್ತದೆ?

ಪ್ರಶ್ನೆ: ಶೀತಲಗೃಹದ ಒಳಗೊಂದು, ಹೊರಗೊಂದು ತಾಪಮಾನದ ಸೆನ್ಸರ್ ಇಟ್ಟಿದ್ದೇವೆ. ಒಮ್ಮೆ ಒಳಗಿನದು, ಒಮ್ಮೆ ಹೊರಗಿನದು ಅಂತ ಎರಡರ ಅಂಕಿಗಳೂ ಒಂದೇ ಅರೇಗೆ ಬೀಳುತ್ತವೆ. ಬೋರ್ಡ್‌ನಲ್ಲಿ ಮೆಮೊರಿ ಕಡಿಮೆ, ಅದಕ್ಕೇ ಶೆಲ್ ಸಾರ್ಟ್ ಬರೆದೆ. ಗ್ಯಾಪ್ n/2, n/4 ಹೀಗೆ 1ರವರೆಗೆ. 60,000 ಅಂಕಿ ಕೊಟ್ಟರೆ ಬೇಗ ಮುಗಿಯುತ್ತದೆ, 65,536 ಕೊಟ್ಟರೆ ಇನ್ಸರ್ಷನ್ ಸಾರ್ಟ್‌ಗಿಂತ ಅಷ್ಟೇನೂ ವಾಸಿ ಇಲ್ಲ. ಏಕೆ? ಇನ್ನೊಂದು ಸಂದೇಹ: ಕೊನೆಗೆ ಗ್ಯಾಪ್ 1ರಲ್ಲಿ ಇನ್ಸರ್ಷನ್ ಸಾರ್ಟೇ ಪೂರ್ತಿ ಓಡುತ್ತದಲ್ಲ, ಹಾಗಾದರೆ ಮೊದಲಿನ ಸುತ್ತುಗಳೆಲ್ಲ ದಂಡವಲ್ಲವೇ?

ಉತ್ತರ: ಎರಡನೆಯ ಸಂದೇಹವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಿಡಿಸಿಕೊಂಡರೆ 65,536ರ ಗಂಟೂ ಸಡಿಲವಾಗುತ್ತದೆ.

ಅರೇಯಲ್ಲಿ ದೊಡ್ಡ ಅಂಕಿ ಎಡಕ್ಕೆ, ಸಣ್ಣದು ಅದರ ಬಲಕ್ಕೆ ಎಲ್ಲೋ ನಿಂತಿದ್ದರೆ ಅದನ್ನು ಒಂದು ತಪ್ಪು ಜೋಡಿ ಎನ್ನೋಣ. ಪಠ್ಯಗಳಲ್ಲಿ ಇದಕ್ಕೆ ಇನ್ವರ್ಷನ್ ಎಂದು ಹೆಸರು. ತಪ್ಪು ಜೋಡಿ ಒಂದೂ ಉಳಿಯದಿದ್ದರೆ ಅರೇ ಸಾರ್ಟ್ ಆಯಿತು ಎಂದೇ ಅರ್ಥ. ಇನ್ಸರ್ಷನ್ ಸಾರ್ಟ್‌ನಲ್ಲಿ ಅಂಕಿ ಒಂದು ಸಲಕ್ಕೆ ಒಂದೇ ಮನೆ ಸರಿಯುತ್ತದೆ, ಪಕ್ಕದವನನ್ನು ಮಾತ್ರ ದಾಟುತ್ತದೆ. ಹಾಗಾಗಿ ಒಂದು ಸರಿತಕ್ಕೆ ತೀರುವುದು ಸರಿಯಾಗಿ ಒಂದೇ ತಪ್ಪು ಜೋಡಿ. ಅರೇಯಲ್ಲಿ ಎಷ್ಟು ತಪ್ಪು ಜೋಡಿ ಇವೆಯೋ ಅಷ್ಟು ಸರಿತ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ದೂರದ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ ಈ ಲೆಕ್ಕ ಬದಲಾಗುತ್ತದೆ. ಹತ್ತು ಅಂಕಿಗಳಲ್ಲಿ ನೋಡಿ:

```
52 81 37 90 64 15 73 28 46 9
```

ಕೂತು ಎಣಿಸಿದರೆ ಇಲ್ಲಿ 31 ತಪ್ಪು ಜೋಡಿಗಳಿವೆ, ಅಂದರೆ ಇನ್ಸರ್ಷನ್ ಸಾರ್ಟ್‌ಗೆ 31 ಸರಿತ. ಈಗ ಗ್ಯಾಪ್ 4 ಇಟ್ಟುಕೊಂಡು, ನಾಲ್ಕು ಮನೆ ದೂರದ ಅಂಕಿಗಳನ್ನು ಮಾತ್ರ ಹೋಲಿಸುತ್ತ ಎಡದಿಂದ ಹೋಗೋಣ. ಇಂಡೆಕ್ಸ್ ಎಣಿಕೆ 0ರಿಂದ ಶುರು. 64 ತನಗಿಂತ ನಾಲ್ಕು ಮನೆ ಎಡಕ್ಕಿರುವ 52ಕ್ಕಿಂತ ದೊಡ್ಡದು, ಅಲ್ಲೇ ಇರಲಿ. 15 ತನಗಿಂತ ನಾಲ್ಕು ಮನೆ ಎಡಕ್ಕಿರುವ 81ಕ್ಕಿಂತ ಸಣ್ಣದು, ಜಾಗ ಬದಲಾಯಿಸುತ್ತವೆ. ಆ ಎರಡರ ನಡುವೆ ಆಗ ಇದ್ದದ್ದು 37, 90, 64. ಇದರಲ್ಲಿ 37 ಮತ್ತು 64 ಬೆಲೆಯಲ್ಲೂ 15 ಮತ್ತು 81ರ ನಡುವಿನವು. ಇಂಥ ಪ್ರತಿ ಅಂಕಿಗೂ 81ರ ಜೊತೆಗೊಂದು, 15ರ ಜೊತೆಗೊಂದು ತಪ್ಪು ಜೋಡಿ ಇತ್ತು. ಎರಡೂ ತೀರಿದವು. 81–15 ಜೋಡಿಯನ್ನೂ ಸೇರಿಸಿ ಒಂದೇ ಸರಿತಕ್ಕೆ ಐದು ತಪ್ಪು ಜೋಡಿ ಹೋದವು. ಮುಂದೆ 73ಕ್ಕೆ ಕೆಲಸವಿಲ್ಲ. 28 ಮತ್ತು 90 ಬದಲಾದಾಗ ನಡುವೆ ಇರುವ 64, 81, 73 ಮೂರೂ ಬೆಲೆಯಲ್ಲಿ ಅವೆರಡರ ನಡುವಿನವೇ. ಹಾಗಾಗಿ ಏಳು ಜೋಡಿ ಒಟ್ಟಿಗೆ ತೀರುತ್ತವೆ. ಗ್ಯಾಪ್ 4ರಲ್ಲಿ ಒಂದು ಸರಿತಕ್ಕೆ ಸಿಗಬಹುದಾದ ಗರಿಷ್ಠ ಲಾಭ ಅದೇ.

ಎಲ್ಲ ಸರಿತಕ್ಕೂ ಇಷ್ಟು ಲಾಭ ಇರುವುದಿಲ್ಲ. 46 ಮುಂದೆ ಬರುವಾಗ ಮೊದಲು 64ನ್ನು, ಆಮೇಲೆ 52ನ್ನು ದಾಟುತ್ತದೆ. ಎರಡು ಸಲವೂ ತೀರುವುದು ಒಂದೊಂದೇ ಜೋಡಿ. ಕೊನೆಯ 9ಕ್ಕೂ ಎರಡು ಸರಿತ: 81ನ್ನು ದಾಟಿದಾಗ ಐದು, 15ನ್ನು ದಾಟಿದಾಗ ಒಂದು. ಸುತ್ತು ಮುಗಿದಾಗ ಅರೇ ಹೀಗಿರುತ್ತದೆ:

```
46 9 37 28 52 15 73 90 64 81
```

ಆರು ಸರಿತದಲ್ಲಿ 20 ತಪ್ಪು ಜೋಡಿ ತೀರಿ 11 ಉಳಿದವು. ಈಗ ಓಡುವ ಗ್ಯಾಪ್ 1ರ ಸುತ್ತು ಹೆಸರಿಗೆ ಪೂರ್ತಿ ಇನ್ಸರ್ಷನ್ ಸಾರ್ಟೇ. ಆದರೆ ಅದಕ್ಕೆ ಉಳಿದಿರುವುದು 11 ಸರಿತದ ಕೆಲಸ. ಒಟ್ಟು 17, ಮೊದಲು 31 ಇತ್ತು. ಹತ್ತೇ ಅಂಕಿಗಳಲ್ಲಿ ಇಷ್ಟು ಅಂತರವಾದರೆ, ಗ್ಯಾಪ್ ಸಾವಿರಗಳಲ್ಲಿ ಇರುವಾಗ ಒಂದು ಸರಿತ ಎಷ್ಟು ತೀರಿಸಬಲ್ಲದು ಊಹಿಸಿ. ಗ್ಯಾಪ್ h ಇದ್ದರೆ ಒಂದು ಸರಿತ 1ರಿಂದ 2h−1ರವರೆಗೆ ಎಷ್ಟನ್ನಾದರೂ ತೀರಿಸಬಹುದು. 1959ರಲ್ಲಿ ಡೊನಾಲ್ಡ್ ಶೆಲ್ ಪ್ರಕಟಿಸಿದ ಉಪಾಯ ಇಷ್ಟೇ. (ಶೆಲ್ ಎನ್ನುವುದು ಅವರ ಮನೆತನದ ಹೆಸರು. ಚಿಪ್ಪಿಗೂ ಲಿನಕ್ಸ್ ಶೆಲ್‌ಗೂ ಇದಕ್ಕೆ ಸಂಬಂಧವಿಲ್ಲ.)

ಇಲ್ಲಿ ಒಂದು ಅನುಮಾನ ಬರಬೇಕು. ಸಣ್ಣ ಗ್ಯಾಪ್‌ನ ಸುತ್ತು ಓಡುವಾಗ ದೊಡ್ಡ ಗ್ಯಾಪ್‌ನಲ್ಲಿ ಮಾಡಿಟ್ಟ ಕ್ರಮ ಕೆಡುವುದಿಲ್ಲವೇ? ಕೆಡುವುದಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳ ಎರಡು ಸಾಲು ಅಕ್ಕಪಕ್ಕ ನಿಂತಿದೆ ಎಂದುಕೊಳ್ಳಿ. ಬಲ ಸಾಲಿನ ಪ್ರತಿ ಮಗುವೂ ತನ್ನ ಪಕ್ಕದ ಎಡ ಸಾಲಿನ ಮಗುವಿಗಿಂತ ಎತ್ತರ. ಈಗ ಎರಡೂ ಸಾಲನ್ನು ಬೇರೆ ಬೇರೆಯಾಗಿ ಗಿಡ್ಡದಿಂದ ಎತ್ತರಕ್ಕೆ ನಿಲ್ಲಿಸಿ. ಬಲ ಸಾಲಿನ ಐದನೆಯ ಮಗುವನ್ನು ನೋಡಿ: ಅದನ್ನೂ ಸೇರಿಸಿ ಅದಕ್ಕಿಂತ ಎತ್ತರವಲ್ಲದ ಐದು ಮಕ್ಕಳು ಬಲ ಸಾಲಿನಲ್ಲಿದ್ದಾರೆ. ಆ ಐವರ ಹಳೆಯ ಜೊತೆಗಾರರು ಎಡ ಸಾಲಿನಲ್ಲಿದ್ದಾರೆ, ಅವರು ಇನ್ನೂ ಗಿಡ್ಡ. ಅಂದರೆ ಎಡ ಸಾಲಿನಲ್ಲಿ ಕಡಿಮೆಯೆಂದರೂ ಐವರು ಈ ಮಗುವಿಗಿಂತ ಗಿಡ್ಡ, ಆದ್ದರಿಂದ ಎಡ ಸಾಲಿನ ಐದನೆಯ ಮಗು ಗಿಡ್ಡವಾಗಿರಲೇಬೇಕು. ಜೋಡಿಗಳು ಬದಲಾದವು, ಬಲದವರು ಎತ್ತರ ಎನ್ನುವ ನಿಯಮ ಹಾಗೇ ಉಳಿಯಿತು. ಗ್ಯಾಪ್ 7ರಲ್ಲಿ ಸಾರ್ಟ್ ಆದ ಅರೇಯನ್ನು ಗ್ಯಾಪ್ 3ರಲ್ಲಿ ಸಾರ್ಟ್ ಮಾಡಿದ ಮೇಲೂ ಅದು ಗ್ಯಾಪ್ 7ರಲ್ಲಿ ಸಾರ್ಟ್ ಆಗಿಯೇ ಇರುತ್ತದೆ ಎನ್ನುವುದಕ್ಕೆ ಕಾರಣ ಇದೇ.

ಶೆಲ್ ಸಾರ್ಟ್‌ನ ಜೀವ ಇರುವುದು ಇದರಿಂದ ಹೊರಡುವ ಮುಂದಿನ ಮಾತಿನಲ್ಲಿ. 7ರ ಕ್ರಮವೂ 3ರ ಕ್ರಮವೂ ಒಟ್ಟಿಗೆ ಇದ್ದರೆ, 7 ಮತ್ತು 3ನ್ನು ಬೇಕಾದಷ್ಟು ಸಲ ಕೂಡಿಸಿ ಸಿಗುವ ಯಾವ ದೂರದಲ್ಲೂ ತಪ್ಪು ಜೋಡಿ ಇರಲಾರದು. 10 ಮನೆ ದೂರವೆಂದರೆ 7+3, ಅಲ್ಲಿ ಕ್ರಮ ಖಚಿತ. 13 ಎಂದರೆ 7+3+3, ಅಲ್ಲೂ ಖಚಿತ. ಹೀಗೆ ಕೂಡಿಸಿ ಸಿಗದ ದೂರಗಳು ಆರೇ ಆರು: 1, 2, 4, 5, 8, 11. ಅಂದಮೇಲೆ ಗ್ಯಾಪ್ 1ರ ಕೊನೆಯ ಸುತ್ತಿನಲ್ಲಿ ಯಾವ ಅಂಕಿಯೂ ಆರಕ್ಕಿಂತ ಹೆಚ್ಚು ಮನೆ ಸರಿಯಲಾರದು. ಅರೇಯಲ್ಲಿ ಹದಿನಾರು ಅಂಕಿ ಇರಲಿ, ಹದಿನಾರು ಲಕ್ಷ ಇರಲಿ, ಈ ಮಿತಿ ಅಷ್ಟೇ. ಕೊನೆಯ ಸುತ್ತು ಅಗ್ಗವಾಗುವುದು ಹೀಗೆ.

ಈಗ ನಿಮ್ಮ 65,536ಕ್ಕೆ ಬರೋಣ. ಅದು 2ರ ಹದಿನಾರನೆಯ ಘಾತ. ಅರ್ಧ ಮಾಡುತ್ತ ಹೋದರೆ ಗ್ಯಾಪ್‌ಗಳು 32768, 16384, 8192 ಎಂದು ಇಳಿದು 4, 2ಕ್ಕೆ ಬರುತ್ತವೆ. 1 ಬಿಟ್ಟರೆ ಎಲ್ಲವೂ ಸಮಸಂಖ್ಯೆ. ಸಮಸಂಖ್ಯೆಗಳನ್ನು ಎಷ್ಟು ಸಲ ಕೂಡಿಸಿದರೂ ಬೆಸ ದೂರ ಸಿಗುವುದಿಲ್ಲ. ಸಮ ಇಂಡೆಕ್ಸ್‌ನ ಅಂಕಿ ಬೆಸ ಇಂಡೆಕ್ಸ್‌ನ ಅಂಕಿಯ ಮುಖವನ್ನೇ ನೋಡುವುದಿಲ್ಲ, ಕೊನೆಯ ಸುತ್ತಿನವರೆಗೂ. ನಿಮ್ಮ ಅರೇಯಲ್ಲಿ ಸಮ ಇಂಡೆಕ್ಸ್‌ನಲ್ಲಿ ಕೂತಿರುವುದು ಒಳಗಿನ ಸೆನ್ಸರ್, ಎಲ್ಲ ಕಡಿಮೆ ಅಂಕಿ. ಬೆಸದಲ್ಲಿ ಹೊರಗಿನ ಸೆನ್ಸರ್, ಎಲ್ಲ ಹೆಚ್ಚಿನ ಅಂಕಿ. ಈ ಗ್ಯಾಪ್ ಸರಣಿಯನ್ನು ಕೆಡಿಸಬೇಕೆಂದು ಯಾರಾದರೂ ಕೂತು ದತ್ತಾಂಶ ತಯಾರಿಸಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡಲು ಆಗುತ್ತಿರಲಿಲ್ಲ.

ಹದಿನಾರು ಅಂಕಿಗಳಿಗೆ ಇಳಿಸಿದರೆ, ಗ್ಯಾಪ್ 2ರ ಸುತ್ತು ಮುಗಿದ ಹೊತ್ತಿಗೆ ನಿಮ್ಮ ಅರೇಯ ರೂಪ ಇದು:

```
1 9 2 10 3 11 4 12 5 13 6 14 7 15 8 16
```

ಇಲ್ಲಿ 9ರ ಬಲಕ್ಕೆ ಅದಕ್ಕಿಂತ ಸಣ್ಣವು ಏಳು, 10ರ ಬಲಕ್ಕೆ ಆರು, ಹೀಗೆ ಇಳಿದು ಒಟ್ಟು 28 ತಪ್ಪು ಜೋಡಿ. ಎಲ್ಲವೂ ಗ್ಯಾಪ್ 1ರ ತಲೆಯ ಮೇಲೆ. 65,536 ಅಂಕಿಗಳಿಗೆ ಇದೇ ಲೆಕ್ಕ ಹಾಕಿದರೆ 53,68,54,528 ಸರಿತ, ಬರೀ ಕೊನೆಯ ಸುತ್ತಿನಲ್ಲಿ. ಮೊದಲೇ ಇನ್ಸರ್ಷನ್ ಸಾರ್ಟ್ ಓಡಿಸಿದ್ದರೆ ಸುಮಾರು ಇದರ ಎರಡರಷ್ಟು ಆಗುತ್ತಿತ್ತು. “ಅಷ್ಟೇನೂ ವಾಸಿ ಇಲ್ಲ” ಎಂದು ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ.

60,000 ಏಕೆ ಬೇಗ ಮುಗಿಯಿತು ಎನ್ನುವುದಕ್ಕೂ ಉತ್ತರ ಸಿಕ್ಕಿತು. 30000, 15000, 7500, 3750 ಆದ ಮೇಲೆ 1875 ಬರುತ್ತದೆ. ಅದು ಬೆಸ. ಮುಂದೆ 937, 117, 29, 7, 3 ಕೂಡ ಬೆಸ. ಗ್ಯಾಪ್ 1875ರಲ್ಲೇ ಒಳಗಿನ ಅಂಕಿಗಳೂ ಹೊರಗಿನವೂ ಎದುರುಬದುರಾಗಿ ದೊಡ್ಡ ದೊಡ್ಡ ಜಿಗಿತದಲ್ಲಿ ತಮ್ಮ ತಮ್ಮ ಅರ್ಧಕ್ಕೆ ಹೋಗಿಬಿಡುತ್ತವೆ. ನಿಮ್ಮ ಕೋಡ್ ಅಂದು ಚೆನ್ನಾಗಿ ಓಡಿದ್ದು ಅದೃಷ್ಟ.

ಮೇಲಿನ ಹದಿನಾರು ಅಂಕಿಗಳಿಗೆ 8, 4, 2, 1ರ ಬದಲು 7, 3, 1 ಹಾಕಿ ನೋಡಿ. ಗ್ಯಾಪ್ 7ರಲ್ಲಿ ಆಗುವುದು ನಾಲ್ಕೇ ಸರಿತ: 9 ಮತ್ತು 5, 10 ಮತ್ತು 6, 11 ಮತ್ತು 7, 12 ಮತ್ತು 8 ಜಾಗ ಬದಲಾಯಿಸುತ್ತವೆ.

```
1 5 2 6 3 7 4 8 9 13 10 14 11 15 12 16
```

ಸಣ್ಣ ಎಂಟು ಎಡಕ್ಕೆ, ದೊಡ್ಡ ಎಂಟು ಬಲಕ್ಕೆ ಆಗಲೇ ಬೇರೆಯಾದವು. 28 ಇದ್ದ ತಪ್ಪು ಜೋಡಿ 12ಕ್ಕೆ ಬಂತು. ಗ್ಯಾಪ್ 3ರಲ್ಲಿ ಮತ್ತೆ ನಾಲ್ಕು ಸರಿತ:

```
1 3 2 4 5 7 6 8 9 11 10 12 13 15 14 16
```

ಉಳಿದದ್ದು ಪಕ್ಕಪಕ್ಕದ ನಾಲ್ಕು ಜೋಡಿ, ಗ್ಯಾಪ್ 1 ಅದನ್ನು ನಾಲ್ಕು ಸರಿತದಲ್ಲಿ ಮುಗಿಸುತ್ತದೆ. ಒಟ್ಟು 12.

ನಿಮ್ಮ ಬೋರ್ಡ್‌ಗೆ ಯಾವ ಸರಣಿ? ಶೆಲ್ ಸ್ವತಃ ಕೊಟ್ಟದ್ದು ನೀವು ಬಳಸಿದ n/2 ಸರಣಿಯೇ. ಅದರ ಈ ದೋಷ ಬೇಗನೇ ಗೊತ್ತಾಗಿ, ಗ್ಯಾಪ್‌ಗಳನ್ನು ಬೆಸ ಮಾಡುವ ತಿದ್ದುಪಡಿ 1960ರಲ್ಲೇ ಬಂತು. 1963ರಲ್ಲಿ ಹಿಬ್ಬಾರ್ಡ್ 1, 3, 7, 15, 31 ಎನ್ನುವ ಸರಣಿ ಕೊಟ್ಟರು. ಅದರಲ್ಲಿ ಎಂಥ ಕೆಟ್ಟ ಅರೇ ಬಂದರೂ ಕೆಲಸ n√nನ ಆಸುಪಾಸಿನಲ್ಲೇ ನಿಲ್ಲುತ್ತದೆ, n²ಕ್ಕೆ ಹಾರುವುದಿಲ್ಲ. ನನ್ನ ಆಯ್ಕೆ 2001ರಲ್ಲಿ ಚುರಾ ಅವರು ಪ್ರಯೋಗ ಮಾಡಿ ಹುಡುಕಿದ ಸರಣಿ: 1, 4, 10, 23, 57, 132, 301, 701. ಸೂತ್ರದಿಂದ ಹುಟ್ಟಿದ್ದಲ್ಲ, ಓಡಿಸಿ ಎಣಿಸಿ ಆರಿಸಿದ್ದು. ಸರಾಸರಿ ಹೋಲಿಕೆಗಳ ಲೆಕ್ಕದಲ್ಲಿ ಬಹಳ ಚೆನ್ನಾಗಿದೆ. 701ರ ಮುಂದೆ 2.25ರಿಂದ ಗುಣಿಸಿ ಭಿನ್ನಾಂಶ ಬಿಡುತ್ತ ಹೋಗುವುದು ರೂಢಿ.

```c
void shell_sort(int a[], int n)
{
    static const int gaps[] = {40412, 17961, 7983, 3548, 1577,
                               701, 301, 132, 57, 23, 10, 4, 1};
    int ng = sizeof gaps / sizeof gaps[0];

    for (int g = 0; g < ng; g++) {
        int h = gaps[g];
        for (int i = h; i < n; i++) {
            int x = a[i], j = i;
            while (j >= h && a[j - h] > x) {
                a[j] = a[j - h];
                j -= h;
            }
            a[j] = x;
        }
    }
}
```

`int` 16 ಬಿಟ್ ಇರುವ ಬೋರ್ಡ್ ಆದರೆ ಇಂಡೆಕ್ಸ್‌ಗೂ nಗೂ ಗ್ಯಾಪ್‌ಗೂ `long` ಹಾಕಿ, 40412 ಆಗಲಿ 65,536 ಆಗಲಿ 16 ಬಿಟ್‌ನ `int`ನಲ್ಲಿ ಹಿಡಿಸುವುದಿಲ್ಲ. ಅರೇ ಸಣ್ಣದಿದ್ದಾಗ ದೊಡ್ಡ ಗ್ಯಾಪ್‌ಗಳನ್ನು ತೆಗೆಯುವ ಗೊಡವೆ ಬೇಡ. h, nಗಿಂತ ದೊಡ್ಡದಾದರೆ ಒಳಗಿನ ಲೂಪ್ ಓಡುವುದೇ ಇಲ್ಲ.

ಇದರಲ್ಲಿ ಜನ ಸಾಮಾನ್ಯವಾಗಿ ಎಡವುವ ಜಾಗಗಳು ಮೂರು. `j >= h` ಇರಬೇಕಾದ ಕಡೆ `j > h` ಬರೆದರೆ `a[0]` ಜೊತೆ ಹೋಲಿಕೆ ನಡೆಯುವುದೇ ಇಲ್ಲ. ಗುರುತು ಸುಲಭ: ಉಳಿದದ್ದೆಲ್ಲ ಕ್ರಮದಲ್ಲಿದ್ದು, ಮೊದಲ ಅಂಕಿ ಮಾತ್ರ ಬಂದಾಗ ಇದ್ದಂತೆಯೇ ಕೂತಿರುತ್ತದೆ.

ಎರಡನೆಯದು ಗ್ಯಾಪ್ ಅನ್ನು ಸೂತ್ರದಿಂದ ಇಳಿಸುವವರಿಗೆ. 2.2ರಿಂದ ಭಾಗಿಸಲೆಂದು `h = h * 5 / 11` ಎಂದು ಬರೆಯುತ್ತಾರೆ. n=10ಕ್ಕೆ ಇದು 4, 1 ಕೊಡುತ್ತದೆ, n=16ಕ್ಕೆ 7, 3, 1. ಎರಡೂ ಪಾಸು. n=12 ಕೊಡಿ: 5, 2, ಆಮೇಲೆ ನೇರ ಸೊನ್ನೆ! ಗ್ಯಾಪ್ 1 ಬರಲೇ ಇಲ್ಲ. ಅರೇ ಬಹುಪಾಲು ಸರಿಯಿದ್ದು ಅಲ್ಲಲ್ಲಿ ಅಕ್ಕಪಕ್ಕದ ಅಂಕಿಗಳು ಹಿಂದುಮುಂದಾಗಿದ್ದರೆ, ಅದೂ ಕೆಲವು n‌ಗಳಿಗೆ ಮಾತ್ರ, ಮೊದಲು ಇದನ್ನೇ ಶಂಕಿಸಿ. h ಎರಡಾದಾಗ ಮುಂದಿನದು 1 ಎಂದು ಬೇರೆಯಾಗಿ ಬರೆಯಬೇಕು. ಪಟ್ಟಿಯನ್ನೇ ಕೋಡ್‌ನಲ್ಲಿ ಇಡಿ ಎಂದು ನಾನು ಹೇಳುವುದು ಇದಕ್ಕೇ.

ಮೂರನೆಯದು ಕಣ್ಣಿಗೆ ಬೀಳದ ತಪ್ಪು. “ಗ್ಯಾಪ್ h ಅಲ್ಲವೇ, iಯೂ h ಹೆಚ್ಚಬೇಕು” ಎಂದು `i++` ಬದಲು `i += h` ಬರೆಯುವುದು. ಹಾಗೆ ಮಾಡಿದರೆ ಇಂಡೆಕ್ಸ್ 0ರಿಂದ ಶುರುವಾಗುವ ಒಂದೇ ಗುಂಪು ಸಾರ್ಟ್ ಆಗುತ್ತದೆ, ಉಳಿದ h−1 ಗುಂಪುಗಳು ಹಾಗೇ ಇರುತ್ತವೆ. ಆದರೆ ಉತ್ತರ ಸರಿಯಾಗಿಯೇ ಬರುತ್ತದೆ, ಏಕೆಂದರೆ ಗ್ಯಾಪ್ 1 ಎಲ್ಲರ ತಪ್ಪನ್ನೂ ಮುಚ್ಚಿಹಾಕುತ್ತದೆ. `i++` ಇದ್ದರೆ ಎಲ್ಲ ಗುಂಪುಗಳೂ ಸರದಿಯಂತೆ ಒಂದೊಂದು ಹೆಜ್ಜೆ ಮುಂದುವರಿಯುತ್ತವೆ, ಗುಂಪಿಗೊಂದು ಲೂಪ್ ಬೇಕಿಲ್ಲ. ಶೆಲ್ ಸಾರ್ಟ್ ಅನ್ನು ಫಲಿತಾಂಶ ನೋಡಿ ಪರೀಕ್ಷೆ ಮಾಡಿದರೆ ಸಾಲದು, ಸರಿತಗಳನ್ನು ಎಣಿಸಲೇಬೇಕು.

ಮಿತಿಯೂ ಗೊತ್ತಿರಲಿ. ಒಂದೇ ತಾಪಮಾನದ ಎರಡು ಅಂಕಿಗಳು ಬಂದ ಕ್ರಮದಲ್ಲೇ ಉಳಿಯುತ್ತವೆ ಎನ್ನುವ ಭರವಸೆ ಇಲ್ಲಿಲ್ಲ. ಬೇರೆ ಬೇರೆ ಗುಂಪಿನಲ್ಲಿದ್ದು ಒಂದನ್ನೊಂದು ಹೋಲಿಸದೆಯೇ ದಾಟಿಬಿಡುತ್ತವೆ. ಬರೀ ಅಂಕಿಗಳಾದರೆ ಚಿಂತೆಯಿಲ್ಲ. ಅಂಕಿಯ ಜೊತೆ ಸಮಯವನ್ನೂ ಕಟ್ಟಿ ಸಾರ್ಟ್ ಮಾಡುವುದಾದರೆ, ಬೆಲೆ ಒಂದೇ ಆದಾಗ ಸಮಯವನ್ನೂ ಹೋಲಿಸಿ. ಇನ್ನು ಕಂಪ್ಯೂಟರ್‌ನಲ್ಲಿ ಕೋಟಿಗಟ್ಟಲೆ ಅಂಕಿ ಇದ್ದರೆ ಶೆಲ್ ಸಾರ್ಟ್ ಹಿಂದೆ ಬೀಳುತ್ತದೆ. ದೊಡ್ಡ ಗ್ಯಾಪ್‌ನಲ್ಲಿ ಪ್ರತಿ ಹೋಲಿಕೆಗೂ ಮೆಮೊರಿಯ ದೂರದ ಮೂಲೆಗೆ ಹೋಗಬೇಕು, ಕ್ಯಾಶ್ ಉಪಯೋಗಕ್ಕೆ ಬರುವುದಿಲ್ಲ. ಅಂಥ ಕಡೆ ಕ್ವಿಕ್ ಸಾರ್ಟ್ ಲೇಸು. ನಿಮ್ಮಂಥ ಬೋರ್ಡ್‌ನಲ್ಲಿ ಮಾತ್ರ ರಿಕರ್ಷನ್ ಬೇಡದ, ಹೆಚ್ಚುವರಿ ಅರೇ ಕೇಳದ ಈ ಇಪ್ಪತ್ತು ಸಾಲಿನ ಕೋಡ್ ಒಳ್ಳೆಯ ಆಯ್ಕೆ. ಚಿಕ್ಕ ಸಾಧನಗಳಿಗಾಗಿ ಬರೆದ uClibc ಲೈಬ್ರರಿಯ `qsort` ಒಳಗೆ ಇರುವುದೂ ಶೆಲ್ ಸಾರ್ಟೇ. bzip2 ಕೂಡ ಸಣ್ಣ ತುಂಡುಗಳನ್ನು ಸಾರ್ಟ್ ಮಾಡಲು ಇದನ್ನೇ ಬಳಸುತ್ತದೆ.

ಹೊಸ ಕೋಡ್ ಹಾಕಿದ ಮೇಲೆ `while` ಒಳಗೆ ಒಂದು ಎಣಿಕೆ ಇಟ್ಟು, h=1 ಇರುವಾಗಿನ ಸರಿತ ಎಷ್ಟು ಎಂದು ಪ್ರಿಂಟ್ ಮಾಡಿ. 23, 10, 4 ಮೂರೂ ಗ್ಯಾಪ್‌ಗಳು ಮುಗಿದಿದ್ದರೆ, ಅವನ್ನು ಕೂಡಿಸಿ ಸಿಗದ ದೂರಗಳು ಹದಿನೈದು ಮಾತ್ರ: 21ರವರೆಗಿನ ಬೆಸಸಂಖ್ಯೆಗಳು, ಜೊತೆಗೆ 2, 6, 25, 29. ಹಾಗಾಗಿ 65,536 ಅಂಕಿಗಳಿಗೆ ಕೊನೆಯ ಸುತ್ತಿನ ಸರಿತ ಎಂಥ ಅರೇ ಬಂದರೂ 9,83,040 ದಾಟಲಾರದು. ನಿಮಗೆ ಕಾಣುವ ಎಣಿಕೆ ಅದಕ್ಕಿಂತ ಹೆಚ್ಚಿದ್ದರೆ ಹಿಂದಿನ ಸುತ್ತುಗಳಲ್ಲಿ ಯಾವುದೋ ಒಂದು ಸರಿಯಾಗಿ ಓಡಿಲ್ಲ. ಮೊದಲು `i++` ಇದೆಯೇ ನೋಡಿ.